ರಾಶಿಯೊಳಗಿನ ಕೆಂಪು ಕಾಳು

ಊರೆಲ್ಲ ಮೆಕ್ಕೆಜೋಳಕ್ಕೆ ಬಿದ್ದು ಹತ್ತು ಹದಿನೈದು ವರ್ಷವಾಗಿದ್ದರೂ ನಮ್ಮ ಮನೆ ಶೇಂಗಾ ಬಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮತ್ತೆ ಬಿಡಗೊಟ್ಟಿರಲಿಲ್ಲ. ಶೇಂಗಾ ಕೀಳಲು ಆಳು ಬೇಕು, ಕಾಯಿ ಹರಿಯಲು ಆಳು ಬೇಕು, ಆಳುಗಳೋ ಬೆಳಗಾಗುವುದರೊಳಗೆ ಟಂಟಂ ಹತ್ತಿ ಬೇರೆ ಊರಿನ ಹೊಲಕ್ಕೆ ಹೋಗಿಬಿಟ್ಟಿರುತ್ತಾರೆ. ನಮ್ಮ ಮನೆಯವರಿಗೆ ಸೊಂಟ ಹಿಡಿದು ಬಗ್ಗಲು ಬಾರದಂತಾದ ಮೇಲೆ ಹೊಲದ ಉಸಾಬರಿ ಪೂರ್ತಿ ನನ್ನ ತಲೆಗೇ ಬಂತು. ಎರಡು ವರ್ಷ ಒಬ್ಬಳೇ ಹೆಣಗಾಡಿದೆ. ಮೂರನೆಯ ವರ್ಷ ಅತ್ತೆಗೆ ಖಡಾಖಂಡಿತವಾಗಿ ಹೇಳಿದೆ, ಈ ಸಲ ಮೆಕ್ಕೆಜೋಳ, ಇಲ್ಲದಿದ್ದರೆ ಹೊಲ ಬೀಳು. ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಊಟಕ್ಕೆ ಕೂತಾಗ, "ಏನರ ಮಾಡ್ಕೊ ಯವ್ವಾ, ಮಾಡಾಕಿ ನೀನು" ಅಂದರು.

ಬೀಜ, ಗೊಬ್ಬರ ತರಲು ಕೂಡ್ಲಿಗಿಗೆ ಹೋದೆ. ಮಿರಗದ ಮಳೆ ಒಂದು ಹದ ಬಿದ್ದಿತ್ತು, ಹಾಗಾಗಿ ಅಂಗಡಿಯ ಮುಂದೆ ಜನವೋ ಜನ. ಶೇಂಗಾ ಆಗಿದ್ದರೆ ಅಟ್ಟದ ಮೇಲಿನ ಚೀಲ ಇಳಿಸಿ, ಕಾಯಿ ಒಡೆದು, ಬಿತ್ತಿದರೆ ಮುಗಿಯಿತು. ಬೀಜಕ್ಕೆಂದು ಅಂಗಡಿ ಮೆಟ್ಟಿಲು ಹತ್ತಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಗೊಬ್ಬರ ಬೇಕೆಂದರೆ ಆಧಾರ್ ನಂಬರ್ ಕೊಟ್ಟು ಒಂದು ಪುಟ್ಟ ಮಷೀನಿನ ಮೇಲೆ ಹೆಬ್ಬೆರಳು ಇಡಬೇಕು. ಇಟ್ಟೆ, ತಗೊಳ್ಳಲಿಲ್ಲ. ಇನ್ನೊಂದು ಬೆರಳು ಇಟ್ಟೆ, ಅದೂ ಇಲ್ಲ.

"ಬೆರಳು ಸವದಾವ್ರೀ ನಿಮ್ಮವು. ತಲಿಗಿ ಉಜ್ಜಿ ಇಡ್ರಿ, ಎಣ್ಣಿ ಹತ್ತಿದ್ರ ತಗಂತೈತಿ" ಅಂದ ಅಂಗಡಿಯವನು.

ಹಿಂದೆ ನಿಂತ ಗಂಡಸರು ನಕ್ಕರು. ನಾನು ಬೈತಲೆಗೆ ಬೆರಳು ಉಜ್ಜಿ ಒತ್ತಿದೆ, ತಗೊಂಡಿತು. ಡಿಎಪಿ ಮುಗಿದಿದೆ ಎಂದು ಬೇರೆ ಯಾವುದೋ ಕಾಂಪ್ಲೆಕ್ಸ್ ಗೊಬ್ಬರ ಕೊಟ್ಟ. ಯೂರಿಯಾ ಬೇಕಾದರೆ ಇದನ್ನೂ ಒಯ್ಯಬೇಕು ಎಂದು ಒಂದು ಬಾಟಲಿ ಔಷಧ ಬೇರೆ ಗಂಟು ಹಾಕಿದ. ನಾನು ಕೇಳಿದ್ದೆನೇ ಅದನ್ನು? ಜಗಳ ಮಾಡುವಷ್ಟು ತ್ರಾಣ ಇರಲಿಲ್ಲ, ಮಳೆಯ ಹದ ಆರಿಹೋದರೆ ಜಗಳ ಗೆದ್ದೂ ಉಪಯೋಗವಿಲ್ಲ. ಮೂರು ಎಕರೆಗೆ ಬೇಕಾಗುವಷ್ಟು ಬೀಜದ ಪಾಕೀಟು ಎಣಿಸಿ ಕೊಟ್ಟು, "ಕಾಳಿಗಿ ಔಷಧ ಹಚ್ಚ್ಯಾರ, ಬಿತ್ತಿದ ಮ್ಯಾಲ ಕೈ ತೊಳಕಳ್ರಿ" ಅಂದ. ಅದನ್ನು ನಾನು ಕೇಳಿಸಿಕೊಂಡೆ. ಮನೆಯಲ್ಲಿ ಪಾಕೀಟು ಒಡೆದಾಗ ಅತ್ತೆಗೆ ಕಂಡದ್ದು ಔಷಧವಲ್ಲ, ಬಣ್ಣ.

"ಅಯ್ಯ, ಕುಂಕುಮ ಹಚ್ಚಿದಂಗ ಅದಾವಲ್ಲ" ಅಂದರು. ಕಾಳುಗಳು ಮದುವೆ ಮನೆಯ ಅಕ್ಷತೆಯಂತೆ ಕೆಂಪಗೆ ಮಿರಿಮಿರಿ ಮಿಂಚುತ್ತಿದ್ದವು. ಸಿಟ್ಟು ಮರೆತು ಅವರು ನಕ್ಕದ್ದು ಆಗಲೇ.

ಬಿತ್ತನೆ ಒಂದೇ ದಿನಕ್ಕೆ ಮುಗಿಯಿತು. ಇಬ್ಬರು ಹೆಂಗಸರು ಸಾಲಿಗೆ ಕಾಳು ಬಿಡುತ್ತಾ ಹೋದರು, ನಾನು ಹಿಂದೆ ಗೊಬ್ಬರ ಹಾಕುತ್ತಾ ನಡೆದೆ. ಅತ್ತೆ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಮಳೆ ಕೈಕೊಡಲಿಲ್ಲ, ನಡುವೆ ಒಮ್ಮೆ ಎಲೆ ಸುರುಳಿ ಸುತ್ತಿಕೊಂಡಿತ್ತು, ಅಷ್ಟರಲ್ಲಿ ಒಂದು ಮಳೆ ಬಂದು ಬೆಳೆ ಚೇತರಿಸಿಕೊಂಡಿತು. ತೆನೆ ಒಳ್ಳೆಯವೇ ಬಿಟ್ಟವು. ದೀಪಾವಳಿ ಕಳೆದ ಮೇಲೆ ತೆನೆ ಮುರಿಸಿ, ಬಾಡಿಗೆ ಮಷೀನು ತರಿಸಿ, ಕಾಳು ಮಾಡಿಸಿದೆವು. ನಲವತ್ತು ಚೀಲ ಆಯಿತು. ಮಷೀನಿನ ಧೂಳು ನನ್ನ ಕೂದಲಿನಿಂದ ಹೋಗಲು ಒಂದು ವಾರ ಹಿಡಿಯಿತು.

ಆಗ ಕೊಟ್ಟೂರಿನ ಮಾರುಕಟ್ಟೆಯಲ್ಲಿ ರೇಟು ಪಾತಾಳಕ್ಕಿಳಿದಿತ್ತು. ಎಲ್ಲರದೂ ಒಮ್ಮೆಲೇ ಬಂದರೆ ಇನ್ನೇನಾಗುತ್ತದೆ? ಸಂಕ್ರಾಂತಿ ತನಕ ತಡೆದರೆ ಏರುತ್ತದೆ ಎಂದು ಎಲ್ಲರೂ ಹೇಳಿದರು. ತಡೆಯುವುದೆಂದರೆ ಸುಮ್ಮನೆ ಕೂರುವುದಲ್ಲ. ಕಣದಲ್ಲಿ ಎಂಟು ದಿನ ಕಾಳು ಹರವಿ, ಹೊರಳಿಸಿ, ಸಂಜೆ ಮಂಜು ಬೀಳುವ ಮೊದಲು ಗುಡ್ಡೆ ಹಾಕಿ ತಾಡಪಾಲು ಹೊಚ್ಚಿ, ಬೆಳಗ್ಗೆ ಮತ್ತೆ ಹರವಿ, ಹಲ್ಲಿಗೆ ಹಾಕಿ ಕಡಿದರೆ ಕಟ್ ಅನ್ನುವ ತನಕ ಒಣಗಿಸಿದೆ. ಹಸಿ ಇದ್ದರೆ ಚೀಲದೊಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಆಮೇಲೆ ನಾವು ಮಲಗುವ ಕೋಣೆಯಲ್ಲಿ ಹಲಗೆ ಹಾಸಿ, ಗೋಡೆಗೆ ತಾಗದಂತೆ ಚೀಲ ಒಟ್ಟಿಸಿದೆ. ನಾವು ಪಡಸಾಲೆಗೆ ಬಂದೆವು. ಇಲಿಗೆ ಬೋನು, ಹೆಗ್ಗಣದ ಬಿಲಕ್ಕೆ ಕಲ್ಲು, ವಾರಕ್ಕೊಮ್ಮೆ ಚೀಲದ ಬಾಯಿ ಬಿಚ್ಚಿ ಕೈ ಹಾಕಿ ನೋಡುವುದು. ಎರಡು ತಿಂಗಳು ಆ ಚೀಲಗಳನ್ನು ಬಾಣಂತಿಯನ್ನು ಕಾಯುವಂತೆ ಕಾದೆ. ಸಂಕ್ರಾಂತಿ ಕಳೆಯಿತು. ರೇಟು ಏರಿತು, ಆದರೆ ಅಷ್ಟರಲ್ಲಿ ಚೀಲದೊಳಗೆ ನುಸಿಯೂ ಕಾಣಿಸಿತು. ಒಂದು ಮುಷ್ಟಿ ಎತ್ತಿದರೆ ಎರಡೋ ಮೂರೋ ಕಾಳಿನಲ್ಲಿ ಸೂಜಿಯಿಂದ ಚುಚ್ಚಿದಷ್ಟು ತೂತು. ಇನ್ನು ತಡೆದರೆ ಹಿಟ್ಟು ಮಾರಬೇಕಾಗುತ್ತದೆ ಎಂದು ಮರುದಿನವೇ ಟ್ರ್ಯಾಕ್ಟರ್ ಹೇಳಿದೆ. ಮನೆಗೆಂದು ಒಂದು ಚೀಲ ಉಳಿಸಿ, ಉಳಿದದ್ದನ್ನೆಲ್ಲ ಹೇರಿಸಿದೆ. ಹೋದ ಮಾಲು ಮಾರಿಯೇ ಬರಬೇಕು, ವಾಪಸ್ಸು ತಂದು ಇಡುವ ಮಾತಿಲ್ಲ, ಇಟ್ಟರೆ ನುಸಿಯ ಪಾಲು ಎನ್ನುವುದು ನನಗೂ ಗೊತ್ತಿತ್ತು, ನಮ್ಮ ಮನೆಯವರಿಗೂ ಗೊತ್ತಿತ್ತು.

ಮಾರುಕಟ್ಟೆಗೆ ಮಾಲು ತಂದ ಹೆಂಗಸು ಆವತ್ತು ನಾನೊಬ್ಬಳೇ. ಗೇಟಿನಲ್ಲಿ ಬರೆಸಿ, ಲಾಟ್ ನಂಬರಿನ ಚೀಟಿ ಪಡೆದು, ನಮ್ಮ ಮಾವನ ಕಾಲದಿಂದ ಮಾಲು ಹಾಕುತ್ತಿದ್ದ ದಲಾಲಿ ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದೆ. ಅಂಗಡಿಯ ಸಾವುಕಾರರು ವಯಸ್ಸಾದವರು, ಮಾವನನ್ನು ಬಲ್ಲವರು. "ಬಾರಮ್ಮ, ಈ ಸಲ ನೀನಽ ಬಂದ್ಯಾ" ಎಂದು ಚಹಾ ತರಿಸಿದರು. ಹಮಾಲರು ಚೀಲ ಸುರಿದು ರಾಶಿ ಮಾಡಿದರು. ಆ ಪಕ್ಕ ಈ ಪಕ್ಕ ಬೇರೆಯವರ ರಾಶಿಗಳು. ನಮ್ಮದು ಬಣ್ಣದಲ್ಲಿ ಯಾರದ್ದಕ್ಕೂ ಕಡಿಮೆಯಿರಲಿಲ್ಲ, ಸುಳ್ಳು ಹೇಳುವುದಿಲ್ಲ, ನನಗೆ ಹೆಮ್ಮೆಯಾಯಿತು.

ಇಲ್ಲಿ ಈಗ ಕೂಗಿ ಹರಾಜು ಮಾಡುವುದಿಲ್ಲ. ಖರೀದಿದಾರರು ಬೆಳಗ್ಗೆ ರಾಶಿ ರಾಶಿ ನೋಡಿಕೊಂಡು ಹೋಗಿ, ಮಧ್ಯಾಹ್ನದೊಳಗೆ ಯಾವ ಲಾಟಿಗೆ ಎಷ್ಟು ಎಂದು ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಯಾರು ಹೆಚ್ಚು ಹಾಕಿದರೋ ಅವರದು. ಒಪ್ಪುವುದು ಬಿಡುವುದು ರೈತರಿಗೆ ಬಿಟ್ಟದ್ದು. ಮೊದಲು ಬಂದವರು ಕೋಳಿ ಆಹಾರದ ಕಂಪನಿಗೆ ಕೊಳ್ಳುವ ವ್ಯಾಪಾರಿ, ಬಿಳಿ ಅಂಗಿ, ಸಾವಧಾನದ ಮನುಷ್ಯ. ರಾಶಿಗೆ ಮೊಣಕೈ ತನಕ ಕೈ ತೂರಿಸಿ ಒಂದು ಬೊಗಸೆ ತೆಗೆದರು. ಮೂಸಿದರು. ತೇವ ನೋಡುವ ಮಷೀನಿಗೆ ಹಾಕಿ ತಲೆಯಾಡಿಸಿದರು. ಆಮೇಲೆ ಅಂಗೈ ಮೇಲಿನ ಕಾಳನ್ನು ಬೆರಳಿನಿಂದ ಸರಿಸಿ ನೋಡಿದರು.

"ಏನ್ರಿ ಇದು?" ಅಂದರು.

ನೋಡಿದೆ. ಹಳದಿ ಕಾಳಿನ ನಡುವೆ ಎರಡು ಕೆಂಪು ಕಾಳು.

"ಬೀಜದ ಕಾಳವು. ಔಷಧ ಹಚ್ಚಿದ್ದು. ಎಲ್ಲಿಂದ ಬಂದ್ವು ಇದರಾಗ?"

ಕಣದಲ್ಲಿ ಎಂಟು ದಿನ ಹೊರಳಿಸುವಾಗ ಒಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಇನ್ನೊಂದು ಕಡೆ ಕೈ ಹಾಕಿ ತೆಗೆದರು, ಅದರಲ್ಲಿ ಇರಲಿಲ್ಲ. ಮತ್ತೊಂದು ಕಡೆ ತೆಗೆದರು, ಒಂದು ಇತ್ತು. ಕಾಳನ್ನು ರಾಶಿಗೆ ಹಾಕಿ ಕೈ ಝಾಡಿಸಿಕೊಂಡು, "ಕೋಳಿಗಿ ಹಾಕೋ ಮಾಲ್ರೀ ಇದು. ವಿಷದ ಕಾಳು ಹೋದ್ರ ನನ್ನ ಕುತ್ತಿಗಿಗಿ ಬರ್ತೈತಿ" ಎಂದು ಮುಂದಿನ ರಾಶಿಗೆ ನಡೆದರು. ಜೋರಾಗಿ ಹೇಳಲಿಲ್ಲ. ಆದರೆ ಅವರು ನಿಂತದ್ದನ್ನು ಉಳಿದ ಖರೀದಿದಾರರು ನೋಡಿದ್ದರು. ಒಬ್ಬೊಬ್ಬರೇ ಬಂದು, ಕೆದಕಿ, ಹೋದರು. ಮಧ್ಯಾಹ್ನ ಲಾಟುಗಳ ರೇಟು ಬಂದಾಗ ನಮ್ಮ ನಂಬರಿನ ಮುಂದೆ ಏನೂ ಇರಲಿಲ್ಲ. ಒಬ್ಬರೂ ಹಾಕಿರಲಿಲ್ಲ.

ಸಾವುಕಾರರಿಗೂ ಬೇಸರವಾಗಿತ್ತು. "ಇರ್ಲಿ ಬಿಡಮ್ಮ, ನಾಳಿಗಿ ಮತ್ತ ಟೆಂಡರ್‍ಗಿ ಹಚ್ಚೋಣ. ಬೆಳಿಗ್ಗಿ ಬಂದು ಆರಿಸಿ ತಗದುಬಿಡು. ಜರಡಿ ಹಿಡಿದ್ರ ಬರಂಗಿಲ್ಲ, ಎಲ್ಲಾ ಒಂದಽ ಗಾತ್ರ. ಕಣ್ಣಿಲೇ ಆರಿಸಬೇಕು" ಅಂದರು. ಹಮಾಲರು ರಾಶಿಯ ಮೇಲೆ ತಾಡಪಾಲು ಹೊಚ್ಚಿದರು. ನಾನು ಸಂಜೆಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಷೀನಿನವನನ್ನು ಬೈದೆ. ಅವನು ಯಾರದೋ ಹೊಲದ ಬೀಜದ ಚೀಲ ಮಷೀನಿನ ಮೇಲೆ ಇಟ್ಟುಕೊಂಡಿದ್ದಿರಬೇಕು, ಚೆಲ್ಲಿರಬೇಕು ಎಂದು ನಾನೇ ಕಥೆ ಕಟ್ಟಿಕೊಂಡು, ನಾನೇ ನಂಬಿ, ಊರು ಮುಟ್ಟುವಷ್ಟರಲ್ಲಿ ಅವನ ಮನೆಗೇ ಹೋಗಿ ಕೇಳಬೇಕೆನ್ನುವಷ್ಟು ಸಿಟ್ಟು ಬಂದಿತ್ತು.

ಮನೆಯಲ್ಲಿ ನಮ್ಮ ಮನೆಯವರಿಗೆ ಹೀಗೆ ಹೀಗಾಯಿತು ಎಂದು ಹೇಳುತ್ತಿದ್ದೆ. ಅತ್ತೆ ಮೂಲೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೆಂಪು ಕಾಳು ಎಂಬ ಮಾತು ಬಂದಾಗ ತಲೆಯೆತ್ತಿದರು.

"ಅವನಿಗ್ಯಾಕ ಬೈತಿ? ಅವು ನಾನು ಹಾಕಿದ್ದು" ಅಂದರು.

ಅದನ್ನು ಹೇಳುವಾಗ ಅವರ ಮುಖದಲ್ಲಿ ಅಂಜಿಕೆ ಇರಲಿಲ್ಲ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಉಂಟು, ಅದನ್ನು ಅತ್ತೆ ಅವರ ಅತ್ತೆಯಿಂದ ಕಲಿತದ್ದು. ಬಿತ್ತಿ ಉಡಿಯಲ್ಲಿ ಉಳಿದ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಮಾಡಿನಲ್ಲಿ ಇಡುತ್ತಾರೆ. ಸುಗ್ಗಿಯಲ್ಲಿ ಕಾಳು ರಾಶಿ ಮಾಡಿದಾಗ ಆ ಬೀಜವನ್ನು ರಾಶಿಯ ನೆತ್ತಿಯ ಮೇಲೆ ಸುರಿಯುತ್ತಾರೆ. ಹೊಲಕ್ಕೆ ಹೋದ ಕಾಳಿನ ಜೊತೆ ಹೋಗದೆ ಉಳಿದದ್ದೂ ಕೂಡಿಕೊಳ್ಳಲಿ ಎಂದು ಇರಬೇಕು. ಶೇಂಗಾದ ಕಾಲದಲ್ಲಿ ನಾನು ಅದನ್ನು ಎಷ್ಟೋ ಸಲ ನೋಡಿದ್ದೆ, ನೋಡಿಯೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಮನೆಯ ಬೀಜ ಮನೆಯ ರಾಶಿಗೆ ಸೇರಿದರೆ ಯಾರಿಗೆ ಏನು? ಈ ಸಲ ಮಷೀನಿನವನಿಗೆ ಊಟಕ್ಕೆ ಬಡಿಸಲು ನಾನು ಮನೆಗೆ ಬಂದಿದ್ದಾಗ ಅತ್ತೆ ಗಂಟು ಒಯ್ದು ಸುರಿದು, ಊದುಬತ್ತಿ ಹಚ್ಚಿ ಬಂದಿದ್ದರು.

"ಅತ್ತೀ, ಅದು ವಿಷ ಹಚ್ಚಿದ ಕಾಳು" ಅಂದೆ.

"ಬೀಜಕ್ಕ ಯಾರರ ವಿಷ ಹಚ್ತಾರೇನ?"

"ಹಚ್ತಾರ. ಹುಳ ತಿನ್ನಬಾರದಂತ. ಕೈ ತೊಳಕಳ್ರಿ ಅಂತ ಅಂಗಡಿಯಾವ ಹೇಳಿದ್ದ."

"ನನಗ್ಯಾರು ಹೇಳಿದ್ರು?"

ನಮ್ಮ ಮನೆಯವರು ಅಷ್ಟರಲ್ಲಿ ಗೋಡೆ ಹಿಡಿದು ಎದ್ದು, ಮನೆಗೆಂದು ಉಳಿಸಿದ ಚೀಲದ ಹತ್ತಿರ ಹೋಗಿದ್ದರು. ಸುಗ್ಗಿಯಿಂದಲೂ ಆ ಚೀಲದಿಂದಲೇ ಕೋಳಿಗಳಿಗೆ ದಿನಾ ಹಾಕುತ್ತಿದ್ದೆವು. ಮೂವರೂ ಕೂತು ಆ ಚೀಲವನ್ನು ಪರಾತಕ್ಕೆ ಸ್ವಲ್ಪ ಸ್ವಲ್ಪವೇ ಸುರಿದು ನೋಡಿದೆವು. ಒಂದೂ ಕೆಂಪು ಕಾಳಿರಲಿಲ್ಲ. ಆದರೂ ಅತ್ತೆ ಪರಾತವನ್ನು ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಕೆದಕಿದರು. ವಿಷವೆಂಬುದು ಅವರ ತಲೆಗೆ ಇಳಿದದ್ದು ನನ್ನ ಮಾತಿನಿಂದಲ್ಲ, ಆ ಕೋಳಿಗಳನ್ನು ನೆನೆದಾಗ.

"ನಾಳಿ ನಾನೂ ಬರ್ತೀನಿ. ನನ್ನ ಕಾಳು ನಾನು ಆರಿಸ್ತೀನಿ" ಅಂದರು. ಬೇಡ ಎಂದೆ, ಬಿಸಿಲು ಎಂದೆ, ನಿಮ್ಮ ಮೊಣಕಾಲು ಎಂದೆ. ಯಾರ ಮಾತು ಕೇಳುತ್ತಾರೆ? ಒಂದು ಬಟ್ಟಲು ತೆಗೆದು ಕೈಚೀಲದಲ್ಲಿ ಇಟ್ಟುಕೊಂಡರು. ಸುರಿಯುವ ಮುಂಚೆ ಅಳೆದಿದ್ದರಂತೆ. "ಈ ಬಟ್ಟಲ ತುಂಬ ಇದ್ವು. ಇದು ತುಂಬಿದ್ರ ಎಲ್ಲಾ ಬಂದ್ವು ಅಂತ" ಅಂದರು.

ಮೊದಲನೆಯ ಬಸ್ಸಿಗೆ ಹೋದೆವು. ಯಾರ್ಡು ಗುಡಿಸುವ ಇಬ್ಬರು ಹೆಂಗಸರಿಗೆ ಕೂಲಿ ಮಾತಾಡಿ, ಹಮಾಲರ ಕೈಲಿ ರಾಶಿಯನ್ನು ತೆಳ್ಳಗೆ ಎಳೆಸಿದೆ. ನಾಲ್ಕು ಜನ ನಾಲ್ಕು ದಿಕ್ಕಿಗೆ ಕೂತೆವು. ಬಿಸಿಲು ಏರಿದಂತೆ ಹಳದಿ ಕಾಳಿನ ಹೊಳಪಿಗೆ ಕಣ್ಣು ಕತ್ತಲೆ ಬರತೊಡಗಿತು. ಕೆಂಪೆಂದು ಎತ್ತಿದರೆ ಕೆಂಪಲ್ಲ, ಬಿಟ್ಟದ್ದೇ ಕೆಂಪು. ಎರಡು ತಿಂಗಳು ಚೀಲದಲ್ಲಿ ಉಜ್ಜಾಡಿ ಕೆಲವುಗಳ ಬಣ್ಣ ಅರ್ಧ ಹೋಗಿತ್ತು. ಅತ್ತೆ ಕಾಳಿನ ಮೇಲೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ, ಅಂಗೈಯಲ್ಲಿ ಸವರುತ್ತಾ ಸರಿಯುತ್ತಿದ್ದರು. ಕೆಂಪು ಸಿಕ್ಕಾಗಲೆಲ್ಲ ಬಟ್ಟಲಿಗೆ ಟಣ್ ಎಂದು ಹಾಕುತ್ತಿದ್ದರು. ಹೋಗಿ ಬರುವವರು ನಿಂತು ನೋಡುತ್ತಿದ್ದರು. ಒಬ್ಬ, "ಏನಮ್ಮೋ, ಮುತ್ತು ಬಿದ್ದಾವೇನು ರಾಶಿಯಾಗ?" ಎಂದು ಕೇಳಿದ. "ಬಿದ್ದಾವಪಾ, ಬಾ, ನೀನೂ ಆರಿಸು" ಎಂದೆ. ಅವನು ಬರಲಿಲ್ಲ.

ನನಗೆ ಅತ್ತೆಯ ಮೇಲೆ ಸಿಟ್ಟಿತ್ತು. ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಬಿತ್ತಿದ್ದು ನಾನು, ಒಣಗಿಸಿದ್ದು ನಾನು, ಕಾದದ್ದು ನಾನು. ಕೆಡಿಸಿದ್ದು ಒಂದು ಬಟ್ಟಲು ಭಕ್ತಿ. ಹಾಗೆಂದುಕೊಳ್ಳುತ್ತಲೇ ತಲೆಯೆತ್ತಿ ನೋಡಿದರೆ ಆ ವಯಸ್ಸಿನಲ್ಲಿ ಮಂಡಿಯೂರಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದರು. ನೀರಿನ ಬಾಟಲಿ ಕೊಟ್ಟೆ.

ಖರೀದಿದಾರರು ಬರುವ ಹೊತ್ತಿಗೆ ಇಡೀ ರಾಶಿಯನ್ನು ಒಂದು ಸಲ ನೋಡಿ ಮುಗಿಸಿದ್ದೆವು. ಹಮಾಲರು ಮತ್ತೆ ಗುಡ್ಡೆ ಮಾಡಿದರು. ಬಿಳಿ ಅಂಗಿಯವರು ಬಂದರು. ಸಾವುಕಾರರು ಮುಂದೆ ಬಂದು, "ನೋಡ್ರಿ, ಎಲ್ಲಾ ಆರಿಸಿ ತಗದಾರ" ಅಂದರು. ಅವರು ರಾಶಿಯ ಮೇಲೆ ನೋಡಿದರು, ಪಕ್ಕದಲ್ಲಿ ನೋಡಿದರು, ಮೊಣಕೈ ತನಕ ತೂರಿಸಿ ನೋಡಿದರು. ಒಂದಲ್ಲ, ಐದಾರು ಕಡೆ. ಕೆಂಪು ಕಾಣಲಿಲ್ಲ. ನನ್ನ ಎದೆಯ ಭಾರ ಇಳಿಯತೊಡಗಿತು. ಸಾಕಪ್ಪಾ, ಇವತ್ತಿಗೆ ಮುಗಿದರೆ ಸಾಕು ಎಂದುಕೊಂಡೆ.

"ಈಗ ಸರಿ ಐತಿ. ಹಾಕ್ತೀನಿ ತಗಳ್ರಿ, ಪಕ್ಕದ ರಾಶಿ ರೇಟಿಗೇ ಹಾಕ್ತೀನಿ" ಎಂದು ಅವರು ಮೊಬೈಲ್ ತೆಗೆದರು.

"ತಡೀರಿ" ಅಂದರು ಅತ್ತೆ.

ಎಲ್ಲರೂ ತಿರುಗಿ ನೋಡಿದೆವು. ಅತ್ತೆ ನೆಲದ ಮೇಲೆಯೇ ಕೂತು ಬಟ್ಟಲನ್ನು ಎತ್ತಿ ಹಿಡಿದಿದ್ದರು. ಅದು ಅರ್ಧಕ್ಕಿಂತ ಸ್ವಲ್ಪವೇ ಮೇಲೆ ತುಂಬಿತ್ತು.

"ಇದು ತುಂಬ ಇದ್ವಪಾ ನಾನು ಹಾಕುವಾಗ. ಇಷ್ಟಽ ಸಿಕ್ಕಾವ. ಉಳಿದಿದ್ದು ಇನ್ನಾ ಒಳಗಽ ಅದಾವ."

ನಾನು ಅವರ ಭುಜ ಹಿಡಿದೆ. ಹಿಡಿದ ಕೈ ಸುಮ್ಮನಿರಿ ಎಂದು ಹೇಳಿತು, ಅವರಿಗೆ ಅದು ಅರ್ಥವಾಯಿತು ಕೂಡ. ಅರ್ಥವಾಗಿಯೂ ಸುಮ್ಮನಾಗಲಿಲ್ಲ.

"ನಿನ್ನಿ ನಮ್ಮ ಮನಿ ಕೋಳಿ ನೆನಸ್ಕೊಂಡು ನನಗ ನಿದ್ದಿ ಹತ್ತಲಿಲ್ಲ. ಇನ್ನೊಬ್ಬರ ಮನಿಯವು ಕೋಳಿ ಅಲ್ಲೇನು?" ಅಂದರು, ನನಗೋ ಅವರಿಗೋ ತಿಳಿಯಲಿಲ್ಲ.

ಬಿಳಿ ಅಂಗಿಯವರು ಮೊಬೈಲನ್ನು ಜೇಬಿಗೆ ಹಾಕಿದರು. ಅವರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. "ಹೇಳಿದ್ದು ಛಲೋ ಆತು ಅಮ್ಮ. ಆದ್ರ ಗೊತ್ತಿದ್ದೂ ನಾ ತಗಳ್ಳಾಕ ಬರಂಗಿಲ್ಲ" ಎಂದು ಹೋದರು. ಸಾವುಕಾರರು ತಲೆ ಕೆರೆದುಕೊಂಡು, "ಇನ್ನೊಂದು ಗಳಿಗಿ ಸುಮ್ಮನಿದ್ದಿದ್ರ ಆಗ್ತಿತ್ತಲ್ಲಮ್ಮ" ಎಂದರು. ನಾನು ಚೀಲದ ಅಟ್ಟಿಯ ಮೇಲೆ ಹೋಗಿ ಕೂತೆ. ಮೈಯಲ್ಲಿ ಸಿಟ್ಟಿಗೂ ಜಾಗವಿರಲಿಲ್ಲ. ಮನೆಗೆ ಒಯ್ದರೆ ನುಸಿ, ಇಲ್ಲೇ ಬಿಟ್ಟರೆ ದನ, ಮತ್ತೆ ಹರವಿ ಆರಿಸೋಣವೆಂದರೆ ಕೂಲಿಯವರ ಕಣ್ಣೂ ಸೋತಿದ್ದವು, ನಮ್ಮವೂ ಸೋತಿದ್ದವು.

ಸಾವುಕಾರರು ಯಾರಿಗೋ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಇನ್ನೊಬ್ಬ ಖರೀದಿದಾರ ಬೈಕಿನಲ್ಲಿ ಬಂದ. ಅವನು ಕೊಳ್ಳುವುದು ಇಥೆನಾಲ್ ಫ್ಯಾಕ್ಟರಿಗೆ. ನುಸಿ ಹಿಡಿದದ್ದು, ಬಣ್ಣಗೆಟ್ಟದ್ದು, ಬೇರೆಯವರು ಬಿಟ್ಟದ್ದನ್ನೂ ಅವನು ತೆಗೆದುಕೊಳ್ಳುತ್ತಾನೆ, ತನ್ನ ರೇಟಿಗೆ. ಸಾವುಕಾರರು ಅವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು, ಅತ್ತೆ ಬಟ್ಟಲನ್ನೂ ತೋರಿಸಿದರು. ಅವನು ಒಂದೇ ಬೊಗಸೆ ಎತ್ತಿ ನೋಡಿ, "ನಮ್ಮಲ್ಲಿ ನಡೀತೈತಿ ಬಿಡ್ರಿ" ಅಂದ. ಮಧ್ಯಾಹ್ನ ನಮ್ಮ ಲಾಟಿಗೆ ರೇಟು ಬಂತು. ಪಕ್ಕದ ರಾಶಿಗೂ ನಮ್ಮದಕ್ಕೂ ಇರುವ ಅಂತರ ನೋಡಿದರೆ, ಎರಡು ತಿಂಗಳು ಕೋಣೆ ಬಿಟ್ಟು ಪಡಸಾಲೆಯಲ್ಲಿ ಮಲಗಿದ್ದು ಗಾಳಿಗೆ ಹೋಯಿತು. ಸುಗ್ಗಿಯಲ್ಲೇ ಮಾರಿದ್ದರೂ ಇಷ್ಟೇ ಬರುತ್ತಿತ್ತು.

"ಏನಂತೀ? ಒಪ್ಪಲಿಲ್ಲಂದ್ರ ನಾಳಿಗಿ ನೋಡಬಹುದು" ಅಂದರು ಸಾವುಕಾರರು.

ಒಪ್ಪಿದೆ ಎಂದೆ. ನಾಳೆ ಎನ್ನುವುದು ನನ್ನಲ್ಲಿ ಉಳಿದಿರಲಿಲ್ಲ.

ಹಮಾಲರು ತಕ್ಕಡಿ ತಂದಿಟ್ಟು ಚೀಲ ತುಂಬಲು ನಿಂತರು. ಅತ್ತೆ ಬೈಕಿನ ಖರೀದಿದಾರನನ್ನು ಹತ್ತಿರ ಕರೆದರು.

"ಇದು ಎಲ್ಲಿಗಿ ಹೋಗ್ತೈತಪಾ?"

"ಫ್ಯಾಕ್ಟರಿಗಿ ಅಮ್ಮ. ಕೊಳಸಿ, ಕಾಯಿಸಿ, ಎಣ್ಣಿ ಮಾಡ್ತಾರ. ಪೆಟ್ರೋಲ್‍ನ್ಯಾಗ ಕೂಡಿಸ್ತಾರ, ಗಾಡಿಗೆ."

"ಯಾರೂ ತಿನ್ನಂಗಿಲ್ಲ?"

"ಯಾರೂ ತಿನ್ನಂಗಿಲ್ಲ. ಅಂಜಬ್ಯಾಡ್ರಿ."

"ಹಕ್ಕಿ, ಪಕ್ಷಿ?"

"ಯಾವುದೂ ತಿನ್ನಂಗಿಲ್ಲ ಅಮ್ಮ."

ಅತ್ತೆ ನಿಟ್ಟುಸಿರು ಬಿಟ್ಟರು. ಅದು ನಿಜವಾದ ಸಮಾಧಾನದ ಉಸಿರು. ಆಮೇಲೆ ರಾಶಿಯ ಮುಂದೆ ಹೋಗಿ ನಿಂತರು. ಮಾರಿದ ರಾಶಿ ಚೀಲಕ್ಕೆ ಇಳಿಯುವ ಮುಂಚೆ ನಮ್ಮ ಕಡೆ ಎಲ್ಲರೂ ಅದಕ್ಕೊಮ್ಮೆ ಕೈ ಮುಗಿಯುತ್ತಾರೆ. ಉಣ್ಣುವವರ ಹೊಟ್ಟೆ ತಂಪಾಗಿರಲಿ ಎಂದು ಹೇಳುವುದು ರೂಢಿ. ಹಮಾಲರೂ ಅಷ್ಟರ ತನಕ ಸಲಿಕೆ ಹಾಕದೆ ಕಾಯುತ್ತಾರೆ, ಈಗಲೂ ಕಾದು ನಿಂತಿದ್ದರು. ಅತ್ತೆ ಕೈ ಎತ್ತಿದವರು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಏನಂತ ಮುಗೀಲಿ ಯವ್ವಾ?" ಅಂದರು. "ಯಾರೂ ಉಣ್ಣಂಗಿಲ್ಲಂತ."

ಮೆಕ್ಕೆಜೋಳವೇ ಹಾಕಬೇಕು ಎಂದು ಹಟ ಹಿಡಿದವಳು ನಾನು. ಹಮಾಲರ ಹಿರಿಯ, "ಲಗೂ ಆಗ್ಲಿ ಅಮ್ಮಾರ, ಲಾರಿ ನಿಂತೈತಿ" ಅಂದ. ಅತ್ತೆ ಕೈ ಇಳಿಸಿಬಿಟ್ಟರು. ಸೆರಗು ಸರಿಮಾಡಿಕೊಂಡು, ಅಂಗಡಿಯ ಕಟ್ಟೆಗೆ ಹೋಗಿ, ರಾಶಿಗೆ ಬೆನ್ನು ಮಾಡಿ ಕೂತರು. ನಾನು ಹಮಾಲರಿಗೆ ತುಂಬಿರಿ ಎಂದೆ.